ಪ್ರಗತಿ ಪತ್ರದ ಎರಡು ಸಾಲು



ನಾನು ನೀರಾವರಿ ಇಲಾಖೆಯಲ್ಲಿ 34 ವರ್ಷ ಇಂಜಿನಿಯರ್ ಆಗಿದ್ದು ನಿವೃತ್ತನಾದವನು, ಶಿಕ್ಷಕನಲ್ಲ. ಹೀಗಿದ್ದೂ ಕಳೆದ ಕೆಲವು ವರ್ಷಗಳಿಂದ ವರ್ಷಕ್ಕೆ ಎರಡು ಸಲ ಮಠದ ಶಾಲೆಯೊಂದರ ಮಕ್ಕಳ ಪ್ರಗತಿ ಪತ್ರಗಳನ್ನು ಮುಂದಿಟ್ಟುಕೊಂಡು ಕೂಡುತ್ತೇನೆ. ಅಂಕಗಳಿಗೆ ನಾನು ಕೈ ಹಚ್ಚುವುದಿಲ್ಲ. ಪತ್ರದ ಕೆಳಗೆ 'ಶಿಕ್ಷಕರ ಷರಾ' ಎಂದು ಎರಡು ಸಾಲಿನ ಜಾಗ ಇರುತ್ತದಲ್ಲ, ಅದನ್ನು ಓದಿ, ಶಿಕ್ಷಕರ ಜೊತೆ ಮಾತಾಡಿ ತಿದ್ದುವುದಷ್ಟೇ ನನ್ನ ಕೆಲಸ. ಈ ಎರಡು ಸಾಲಿನಲ್ಲಿ ನಾನು ಮಾಡಿದ ಒಂದು ದೊಡ್ಡ ತಪ್ಪನ್ನೂ, ಅದರಿಂದ ಕಲಿತದ್ದನ್ನೂ ನಿಮ್ಮ ಮುಂದೆ ಇಡುತ್ತೇನೆ.

ಈ ಕೆಲಸ ನನ್ನ ಪಾಲಿಗೆ ಬಂದದ್ದು ಒಂದು ದೂರಿನಿಂದ. ಆರನೆಯ ತರಗತಿಯ ಒಬ್ಬ ಹುಡುಗನ ಪತ್ರದಲ್ಲಿ 'ಓದಿನಲ್ಲಿ ಆಸಕ್ತಿ ಇಲ್ಲ, ಕುರಿ ಕಾಯಲು ಲಾಯಕ್ಕು' ಎಂಬ ಷರಾ ಇತ್ತು. ಅವನ ತಂದೆ ನಿಜವಾಗಿಯೂ ಕುರಿ ಕಾಯುವವರು. ಅವರು ಪತ್ರ ಹಿಡಿದುಕೊಂಡು ಶಾಲೆಗೆ ಹೋಗಲಿಲ್ಲ, ನೇರವಾಗಿ ಮಠಕ್ಕೆ ಬಂದರು. ಪೂಜ್ಯರ ಮುಂದೆ ಕೈಮುಗಿದು ನಿಂತು, "ಅಪ್ಪಾರ, ಕುರಿ ಕಾಯೋದು ಅಂದ್ರ ಬೈಗಳೇನ್ರಿ?" ಎಂದು ಒಂದೇ ಮಾತು ಕೇಳಿದರು. ಕಾಯಕದ ಬಗ್ಗೆ ದಿನಾ ಪ್ರವಚನ ನಡೆಯುವ ಜಾಗದಲ್ಲಿ ಆ ಪ್ರಶ್ನೆಗೆ ಯಾರಲ್ಲೂ ಉತ್ತರ ಇರಲಿಲ್ಲ. ಪೂಜ್ಯರು ಆಡಳಿತ ಮಂಡಳಿಯಲ್ಲಿದ್ದ ನನ್ನನ್ನು ಕರೆಸಿ, ಇನ್ನು ಮುಂದೆ ಷರಾಗಳನ್ನು ಒಬ್ಬರು ನೋಡಿದ ಮೇಲೆಯೇ ಪತ್ರ ಮನೆಗೆ ಹೋಗಲಿ, ನೀವೇ ನೋಡಿ ಎಂದರು.

ಆ ವರ್ಷ ನಾನು ಉತ್ಸಾಹದಿಂದ ತಿದ್ದಿದೆ. ಬೈಗುಳವನ್ನೆಲ್ಲ ತೆಗೆದೆ. 'ಸೋಮಾರಿ' ಎಂದಿದ್ದಲ್ಲಿ 'ಇನ್ನಷ್ಟು ಪ್ರಯತ್ನ ಬೇಕು' ಎಂದು ಹಾಕಿದೆ. 'ದಡ್ಡ' ಎಂದಿದ್ದಲ್ಲಿ 'ನಿಧಾನವಾಗಿ ಕಲಿಯುತ್ತಿದ್ದಾನೆ' ಎಂದು ಬರೆದೆ. ಐದನೆಯ ತರಗತಿಯ ಒಬ್ಬ ಹುಡುಗನಿಗೆ ಅಲ್ಲಿಯ ಅಕ್ಕೋರು 'ಕನ್ನಡ ಓದಲು ಬರುವುದಿಲ್ಲ' ಎಂದು ಬರೆದಿದ್ದರು. ಇಷ್ಟು ಖಾರ ಬೇಡ ಅನ್ನಿಸಿ 'ಓದಿನಲ್ಲಿ ಪ್ರಗತಿ ಕಾಣುತ್ತಿದೆ' ಎಂದು ಮಾಡಿದೆ. ಪತ್ರಗಳೆಲ್ಲ ಮನೆಗೆ ಹೋದವು, ಯಾರೂ ದೂರು ತರಲಿಲ್ಲ. ಕೆಲಸ ಚೆನ್ನಾಗಿ ಆಯಿತು ಎಂದುಕೊಂಡೆ.

ಮೂರು ವರ್ಷ ಕಳೆದ ಮೇಲೆ ಆ ಹುಡುಗನ ತಂದೆ ಬಂದರು. ಮಗ ಎಂಟನೆಯ ತರಗತಿಯಲ್ಲಿದ್ದ. ಬ್ಯಾಂಕಿನಿಂದ ಬಂದ ಒಂದು ಕಾಗದ ಓದು ಎಂದು ಕೊಟ್ಟರೆ ಅವನಿಗೆ ಒಂದು ಸಾಲೂ ಓದಲಾಗಿರಲಿಲ್ಲ. ತಂದೆ ಓದು ಬಾರದವರು. ಮಗನ ಪ್ರಗತಿ ಪತ್ರಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಇಟ್ಟಿದ್ದರು, ಆ ದಿನ ಅವನ್ನು ಪಕ್ಕದ ಮನೆಯವರಿಂದ ಓದಿಸಿಕೊಂಡು ಬಂದಿದ್ದರು. "ಸಾಹೇಬ್ರ, ಪ್ರಗತಿ ಕಾಣಾಕತ್ತೈತಿ ಅಂತ ಬರದೀರಿ. ಯಾರಿಗೆ ಕಂಡಿತ್ತರಿ?" ಎಂದು ಕೇಳಿದರು. ಪತ್ರದಲ್ಲಿದ್ದದ್ದು ನನ್ನ ವಾಕ್ಯ. ಅಕ್ಕೋರು ಬರೆದಿದ್ದ ನಿಜವನ್ನು ಅಳಿಸಿದವನು ನಾನು.

ಇದರಲ್ಲಿ ಇನ್ನೊಂದು ಮಾತೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಎಂಟನೆಯ ತರಗತಿಯವರೆಗೆ ಮಕ್ಕಳನ್ನು ಅದೇ ತರಗತಿಯಲ್ಲಿ ಕೂರಿಸುವ ರೂಢಿ ನಿಂತಿತು. ಮಗುವಿಗೆ ಭಯ ಇರಬಾರದು ಎಂಬ ಅದರ ಉದ್ದೇಶ ಸರಿಯಾದದ್ದೇ. ಆದರೆ ಹಿಂದೆ 'ಫೇಲ್' ಎಂಬ ಒಂದು ಶಬ್ದ ಮನೆಯವರನ್ನು ಎಚ್ಚರಿಸುತ್ತಿತ್ತು. ಆ ಗಂಟೆ ಇಲ್ಲದಾಯಿತು. ಬಿ ಅಥವಾ ಸಿ ಎಂಬ ಶ್ರೇಣಿ ನೋಡಿದ ಓದು ಬಾರದ ತಾಯಿ ತಂದೆಗೆ ಏನೂ ತಿಳಿಯುವುದಿಲ್ಲ. ಮನೆಗೆ ನಿಜ ತಲುಪಿಸಲು ಉಳಿದಿರುವ ದಾರಿ ಈ ಎರಡು ಸಾಲು. ಅದನ್ನೂ ಸಿಹಿ ಮಾಡಿಬಿಟ್ಟರೆ ಮಗುವಿನ ಕಷ್ಟ ಯಾರಿಗೂ ಕಾಣದ ಹಾಗೆ ಮುಚ್ಚಿಹೋಗುತ್ತದೆ.

ಆ ತಂದೆ ಹೋದ ಮೇಲೆ ನನಗೆ ಒಂದು ವಿಷಯ ಹೊಳೆಯಿತು. 'ಕುರಿ ಕಾಯಲು ಲಾಯಕ್ಕು' ಎಂಬ ಷರಾದಲ್ಲೂ 'ಪ್ರಗತಿ ಕಾಣುತ್ತಿದೆ' ಎಂಬ ನನ್ನ ಷರಾದಲ್ಲೂ ಇರುವ ದೋಷ ಒಂದೇ. ಒಂದು ಕಹಿ, ಒಂದು ಸಿಹಿ, ಆದರೆ ಎರಡರಲ್ಲೂ ಅಳತೆ ಇಲ್ಲ. ಕಾಲುವೆ ಪರಿಶೀಲನೆಗೆ ಹೋದ ಇಂಜಿನಿಯರ್ 'ಕಾಮಗಾರಿ ತೃಪ್ತಿಕರವಾಗಿಲ್ಲ' ಎಂದು ಬರೆದರೆ ಗುತ್ತಿಗೆದಾರ ಏನು ಮಾಡಬೇಕು? ಯಾವ ಕಿಲೋಮೀಟರಿನಿಂದ ಎಲ್ಲಿಯವರೆಗೆ ಏರಿಯ ಮಣ್ಣು ಸರಿಯಾಗಿ ಕೂತಿಲ್ಲ, ಎಷ್ಟು ದಪ್ಪದ ಪದರ ತೆಗೆದು ಮತ್ತೆ ನೀರು ಹಾಕಿ ರೋಲರ್ ಹೊಡೆಯಬೇಕು, ಯಾವ ದಿನ ಮರುಪರೀಕ್ಷೆ ಎಂದು ಬರೆದರೆ ಮಾತ್ರ ಅದು ಪರಿಶೀಲನಾ ಟಿಪ್ಪಣಿ. ಅದರಲ್ಲಿ ಬೈಗುಳವೂ ಇಲ್ಲ, ಹೊಗಳಿಕೆಯೂ ಇಲ್ಲ. ಆದರೂ ಓದಿದವನಿಗೆ ಧೈರ್ಯ ಬರುತ್ತದೆ, ಏಕೆಂದರೆ ತಪ್ಪು ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ಗೊತ್ತಾದರೆ ಉಳಿದದ್ದು ಸರಿಯಾಗಿದೆ ಎಂದೂ ಗೊತ್ತಾಗುತ್ತದೆ.

ಮಗುವಿನ ಷರಾದಲ್ಲಿ ಇದು ಹೇಗೆ ನಡೆಯುತ್ತದೆ ಎಂದು ಒಂದು ಉದಾಹರಣೆಯಿಂದ ಹೇಳುತ್ತೇನೆ. ಐದನೆಯ ತರಗತಿಯ ಒಬ್ಬ ಹುಡುಗಿ. ಅವಳ ಷರಾ: 'ಗಣಿತದಲ್ಲಿ ತುಂಬಾ ಹಿಂದೆ. ಗಮನ ಕೊಡುವುದಿಲ್ಲ.' ಈ ಸಲ ನಾನು ಪೆನ್ನು ತೆಗೆಯಲಿಲ್ಲ. ಗುರುಗಳಿಗೆ ಅವಳ ಉತ್ತರ ಪತ್ರಿಕೆ ತರಲು ಹೇಳಿದೆ. ಇಬ್ಬರೂ ಕೂತು ನೋಡಿದೆವು. ಕೂಡಿಸುವ ಲೆಕ್ಕಗಳೆಲ್ಲ ಸರಿ. ಹತ್ತರವರೆಗಿನ ಮಗ್ಗಿ ಸರಿ. ಕಳೆಯುವ ಲೆಕ್ಕ ಹತ್ತು ಇದ್ದವು, ನಾಲ್ಕು ಸರಿ, ಆರು ತಪ್ಪು. ತಪ್ಪಾದ ಒಂದು ಲೆಕ್ಕ ಹೀಗಿತ್ತು: 503ರಲ್ಲಿ 178 ಕಳೆ. ಅವಳು ಬರೆದ ಉತ್ತರ 475. ಸರಿಯಾದದ್ದು 325.

475 ಎಲ್ಲಿಂದ ಬಂತು? ಬಿಡಿ ಸ್ಥಾನದಲ್ಲಿ ಮೇಲೆ 3, ಕೆಳಗೆ 8. ಮೂರರಲ್ಲಿ ಎಂಟು ಹೋಗುವುದಿಲ್ಲ, ಆದ್ದರಿಂದ ಅವಳು ತಿರುಗಿಸಿ ಎಂಟರಲ್ಲಿ ಮೂರು ಕಳೆದು 5 ಬರೆದಳು. ಹತ್ತರ ಸ್ಥಾನದಲ್ಲಿ ಮೇಲೆ ಸೊನ್ನೆ, ಕೆಳಗೆ 7, ಅಲ್ಲಿಯೂ ತಿರುಗಿಸಿ 7. ನೂರರ ಸ್ಥಾನದಲ್ಲಿ 5ರಲ್ಲಿ 1 ಹೋಗಿ 4. ಉಳಿದ ಐದು ತಪ್ಪು ಲೆಕ್ಕಗಳಲ್ಲೂ ಇದೇ ನಡೆದಿತ್ತು. ಸರಿಯಾದ ನಾಲ್ಕೂ ಕಡ ತರುವ ಅಗತ್ಯವೇ ಇಲ್ಲದ ಲೆಕ್ಕಗಳು. ಅಂದರೆ ಗಮನ ಕೊಡದ ಹುಡುಗಿಯಲ್ಲ ಇವಳು. ಗಮನ ಇಲ್ಲದವರ ತಪ್ಪುಗಳು ಎಲ್ಲೆಂದರಲ್ಲಿ ಬೀಳುತ್ತವೆ. ಇವಳು ಯಾವಾಗಲೂ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಎಂಬ ಒಂದು ತಪ್ಪು ನಿಯಮವನ್ನು ತಾನೇ ಮಾಡಿಕೊಂಡು, ಆರೂ ಲೆಕ್ಕಗಳಲ್ಲಿ ನಿಷ್ಠೆಯಿಂದ ಪಾಲಿಸಿದ್ದಾಳೆ. ಗುರುಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ನಾನು ತಪ್ಪು ಗೀಟು ಹೊಡದೆ, ಉತ್ತರ ಓದಲೇ ಇಲ್ಲ" ಎಂದರು.

ಆಮೇಲೆ ಇಬ್ಬರೂ ಸೇರಿ ಬರೆದ ಷರಾ ಇದು: 'ಕೂಡಿಸುವ ಲೆಕ್ಕ ಮತ್ತು ಹತ್ತರವರೆಗಿನ ಮಗ್ಗಿ ತಪ್ಪಿಲ್ಲದೆ ಬರುತ್ತವೆ. ಕಡ ತಂದು ಕಳೆಯುವ 6 ಲೆಕ್ಕಗಳಲ್ಲಿ ಆರೂ ತಪ್ಪಿವೆ, ಇದು 3ನೆಯ ತರಗತಿಯಲ್ಲಿ ಬರಬೇಕಿದ್ದ ಪಾಠ. ಡಿಸೆಂಬರ್ ಕೊನೆಯವರೆಗೆ ಶಾಲೆಯಲ್ಲಿ ದಿನಾ ಎರಡು ಲೆಕ್ಕ ಕಡ್ಡಿಗಳಿಂದ ಮಾಡಿಸುತ್ತೇವೆ. ಮನೆಯಲ್ಲಿ ನೂರು, ಹತ್ತರ ನೋಟು ಬಿಡಿಸಿ ಚಿಲ್ಲರೆ ಕೊಡುವುದನ್ನು ರೂಢಿ ಮಾಡಿಸಿ.' ಎರಡು ಸಾಲಿನ ಜಾಗ ಸಾಲದೆ ಹಿಂಬದಿಗೂ ಹೋಯಿತು. ಹೋಗಲಿ.

ಇದರಲ್ಲಿ ನಾಲ್ಕು ಮಾತುಗಳಿವೆ: ಮಗುವಿಗೆ ಈಗ ಏನು ಬರುತ್ತದೆ, ಎಲ್ಲಿ ತಪ್ಪುತ್ತದೆ, ಅದು ಎಷ್ಟು ಹಿಂದಿನ ಪಾಠ, ಯಾರು ಯಾವಾಗಿನೊಳಗೆ ಏನು ಮಾಡಬೇಕು. ಮೂರನೆಯ ಮಾತನ್ನು ಬಿಡಲು ಎಲ್ಲರಿಗೂ ಮನಸ್ಸಾಗುತ್ತದೆ. ಐದನೆಯ ತರಗತಿಯಲ್ಲಿದ್ದು ಮೂರನೆಯ ತರಗತಿಯ ಪಾಠ ಬಂದಿಲ್ಲ ಎಂದರೆ ಮನೆಯವರು ನೊಂದುಕೊಳ್ಳುತ್ತಾರೆ ಎಂದು. ನೊಂದುಕೊಳ್ಳುತ್ತಾರೆ ನಿಜ. ಆದರೆ ನಾನು ಮುಚ್ಚಿಟ್ಟದ್ದು ಇದೇ ಮಾತನ್ನು. ನಾಲ್ಕನೆಯ ಮಾತು ಜೊತೆಗಿದ್ದರೆ ಮೂರನೆಯದನ್ನು ಹೇಳುವ ಧೈರ್ಯ ಶಿಕ್ಷಕರಿಗೂ, ಕೇಳುವ ಧೈರ್ಯ ಮನೆಯವರಿಗೂ ಬರುತ್ತದೆ. ಕಡ್ಡಿಯ ಕಟ್ಟುಗಳನ್ನು ಬಿಚ್ಚಿದಾಗ ಆ ಹುಡುಗಿಗೆ ಕಂಡದ್ದು ಇಷ್ಟು: ಐದು ನೂರರ ಒಂದು ಕಟ್ಟು ಬಿಚ್ಚಿದರೆ ಹತ್ತು ಹತ್ತರ ಕಟ್ಟು, ಅದರಲ್ಲಿ ಒಂದನ್ನು ಬಿಚ್ಚಿದರೆ ಹತ್ತು ಬಿಡಿ. ಈಗ ಕೈಯಲ್ಲಿ ನಾಲ್ಕು ನೂರು, ಒಂಬತ್ತು ಹತ್ತು, ಹದಿಮೂರು ಬಿಡಿ. ಇನ್ನು ತಿರುಗಿಸಿ ಕಳೆಯುವ ಅಗತ್ಯವೇ ಇಲ್ಲ. ಮುಂದಿನ ಪತ್ರದ ಷರಾ ಇಲ್ಲಿಂದಲೇ ಶುರುವಾಗಬೇಕು ಎಂಬುದು ನಮ್ಮ ನಿಯಮ. ಅವಳ ಮುಂದಿನ ಷರಾದಲ್ಲಿ 'ಅಂಥ 6 ಲೆಕ್ಕಗಳಲ್ಲಿ 5 ಸರಿ, ನಡುವೆ ಸೊನ್ನೆ ಬಂದಾಗ ಇನ್ನೂ ಒಮ್ಮೊಮ್ಮೆ ತಪ್ಪುತ್ತಾಳೆ' ಎಂದಿತ್ತು. ಇದಕ್ಕಿಂತ ದೊಡ್ಡ ಪ್ರೋತ್ಸಾಹದ ಮಾತನ್ನು ಯಾವ ವಿಶೇಷಣದಿಂದ ಬರೆಯಲು ಸಾಧ್ಯ?

ತಿದ್ದುವವನಿಗೂ ಒಂದು ಕಟ್ಟಳೆ ಬೇಕು. ನಮ್ಮ ಇಲಾಖೆಯಲ್ಲಿ ಅಳತೆ ಪುಸ್ತಕ ಎಂದು ಇರುತ್ತದೆ. ಅದರಲ್ಲಿ ಬರೆದ ಅಂಕಿಯನ್ನು ಉಜ್ಜಿ ಅಳಿಸುವಂತಿಲ್ಲ, ಮೇಲೆ ಮೇಲೆ ತಿದ್ದುವಂತಿಲ್ಲ. ತಪ್ಪಿದ್ದರೆ ಓದಲು ಬರುವ ಹಾಗೆ ಒಂದು ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಅಳತೆ ಮಾಡಿದವನೇ ಸಹಿ ಹಾಕಬೇಕು. ಷರಾಕ್ಕೂ ನಾನು ಅದನ್ನೇ ಇಟ್ಟುಕೊಂಡಿದ್ದೇನೆ. ಬೈಗುಳ ತೆಗೆಯುವ ಅಧಿಕಾರ ನನಗಿದೆ. ಸಂಗತಿ ಬದಲಿಸುವ ಅಧಿಕಾರ ಇಲ್ಲ. 'ಓದಲು ಬರುವುದಿಲ್ಲ' ಎಂದಿದ್ದರೆ ನಾನು ಕೇಳಬೇಕಾದದ್ದು, ಎಷ್ಟು ಬರುವುದಿಲ್ಲ ಎಂದು. ಅಕ್ಷರ ಗುರುತಿಸುತ್ತಾನೆಯೇ, ಕಾಗುಣಿತ ಬರುತ್ತದೆಯೇ, ಒತ್ತಕ್ಷರ ಬಂದಾಗ ನಿಲ್ಲುತ್ತಾನೆಯೇ? ಆ ದಿನ ಈ ಮೂರು ಪ್ರಶ್ನೆ ಕೇಳಿದ್ದರೆ ಆ ಹುಡುಗ ಕಾಗುಣಿತದಲ್ಲೇ ನಿಂತಿದ್ದಾನೆಂದು ಅಕ್ಕೋರು ಹೇಳುತ್ತಿದ್ದರು. ಉತ್ತರ ಶಿಕ್ಷಕರ ಬಳಿ ಇರುತ್ತದೆ, ಕೇಳುವವರು ಬೇಕು.

ಷರಾ ಸರಿಯಾಗಿದೆಯೋ ಇಲ್ಲವೋ ತಿಳಿಯಲು ನಾನು ಮಾಡುವ ಪರೀಕ್ಷೆ ಸುಲಭದ್ದು. ಹೆಸರನ್ನು ಬೆರಳಿನಿಂದ ಮುಚ್ಚಿ ಓದುತ್ತೇನೆ. ಅದೇ ತರಗತಿಯ ಇನ್ನೂ ಮೂವರಿಗೆ ಹೊಂದುತ್ತದೆ ಅನ್ನಿಸಿದರೆ ಅದು ಷರಾ ಅಲ್ಲ, ಮರಳಿ ಕಳಿಸುತ್ತೇನೆ. 'ಉತ್ತಮ', 'ಪರವಾಗಿಲ್ಲ', 'ಇನ್ನೂ ಪ್ರಯತ್ನ ಬೇಕು' ಇವೆಲ್ಲ ಅಲ್ಲೇ ಬಿದ್ದುಹೋಗುತ್ತವೆ.

ಜಾಣ ಮಕ್ಕಳ ಷರಾಗಳನ್ನೂ ಹೀಗೆಯೇ ನೋಡಬೇಕು. 'ಅತ್ಯಂತ ಬುದ್ಧಿವಂತ' ಎಂದು ಬರೆದು ಕೈ ತೊಳೆದುಕೊಳ್ಳುವುದು ನಮ್ಮಲ್ಲಿ ರೂಢಿ. ಅಮೆರಿಕದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಐದನೆಯ ತರಗತಿಯ ಮಕ್ಕಳಿಗೆ ಬಿಡಿಸಲು ಸಮಸ್ಯೆಗಳನ್ನು ಕೊಟ್ಟು, ಕೆಲವರಿಗೆ 'ನೀನು ಬುದ್ಧಿವಂತ' ಎಂದೂ ಕೆಲವರಿಗೆ 'ಚೆನ್ನಾಗಿ ಶ್ರಮಪಟ್ಟೆ' ಎಂದೂ ಹೇಳಿದರು. ಮುಂದೆ ಕಷ್ಟದ ಸಮಸ್ಯೆಗಳು ಎದುರಾದ ಮೇಲೆ, ಬುದ್ಧಿವಂತ ಎನ್ನಿಸಿಕೊಂಡವರೇ ಹೆಚ್ಚು ಕುಗ್ಗಿದರು. ತಮ್ಮ ಅಂಕ ಹೇಳುವಾಗ ಸುಳ್ಳು ಹೇಳಿದವರೂ ಅವರಲ್ಲಿಯೇ ಹೆಚ್ಚು. ಆ ಹೆಸರು ಕಳೆದುಹೋದೀತು ಎಂಬ ಅಂಜಿಕೆ ಅವರಿಗೆ. ಆದ್ದರಿಂದ ಮೊದಲ ಸ್ಥಾನದ ಹುಡುಗನಿಗೂ ಅವನು ಮಾಡಿದ್ದನ್ನೇ ಬರೆಯಬೇಕು: 'ಉತ್ತರ ಬಂದ ಮೇಲೆ ಹಿಂದಿನಿಂದ ಲೆಕ್ಕ ಮಾಡಿ ತಾಳೆ ನೋಡುತ್ತಾನೆ. ಪ್ರಬಂಧದಲ್ಲಿ ಪುಸ್ತಕದ ವಾಕ್ಯಗಳನ್ನೇ ಬರೆಯುತ್ತಾನೆ, ಸ್ವಂತ ಮಾತು ಬರಬೇಕು.' ಹಾಗೆಂದು ಶ್ರಮಪಡದ ಮಗುವಿಗೆ 'ಶ್ರಮಪಟ್ಟಿದ್ದಾನೆ' ಎಂದು ಬರೆದರೆ ಅದು ಮತ್ತೆ ನನ್ನ ಹಳೆಯ ಸುಳ್ಳೇ.

ಇಷ್ಟೆಲ್ಲ ಮಾಡಿದರೂ ಪಕ್ಕದಲ್ಲಿರುವ ಶ್ರೇಣಿ ಷರಾವನ್ನು ನುಂಗಿಬಿಡುತ್ತದೆ. ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ತೋರಿಸಿದ್ದು ಇದನ್ನೇ. ಬರೀ ಷರಾ ಪಡೆದ ಮಕ್ಕಳು ಮುಂದಿನ ಕೆಲಸದಲ್ಲಿ ಸುಧಾರಿಸಿದರು. ಅಂಕದ ಜೊತೆ ಷರಾ ಪಡೆದವರಿಗೆ ಆ ಲಾಭ ಆಗಲಿಲ್ಲ, ಅಂಕ ನೋಡಿದ ಮೇಲೆ ಷರಾ ಕಣ್ಣಿಗೆ ಬೀಳುವುದಿಲ್ಲ. ಪ್ರಗತಿ ಪತ್ರದಿಂದ ಶ್ರೇಣಿ ತೆಗೆಯಲು ನಮಗೆ ಸಾಧ್ಯವಿಲ್ಲ. ನಾವು ಮಾಡಿದ್ದು ಇಷ್ಟು: ಪಾಲಕರ ಸಭೆಯ ದಿನ ಶಿಕ್ಷಕರು ಮೊದಲು ಷರಾವನ್ನು ತಾಯಿ ತಂದೆ ಮತ್ತು ಮಗುವಿನ ಮುಂದೆ ಬಾಯಿಬಿಟ್ಟು ಓದಿ ಹೇಳುತ್ತಾರೆ, ಆಮೇಲೆ ಪತ್ರ ಕೈಗೆ ಕೊಡುತ್ತಾರೆ. ಓದು ಬಾರದ ಪಾಲಕರಿಗೂ ಇದರಿಂದ ನಿಜ ತಲುಪುತ್ತದೆ. ಮಗುವಿನ ಎದುರು ಓದಲು ನಾಚಿಕೆಯಾಗುವ ವಾಕ್ಯವನ್ನು ಯಾವ ಶಿಕ್ಷಕರೂ ಬರೆಯುವುದಿಲ್ಲ ಎಂಬುದು ಇನ್ನೊಂದು ಲಾಭ.

ಪತ್ರದಲ್ಲಿ ಬರೆಯಬಾರದ ಸಂಗತಿಗಳೂ ಇವೆ. 'ನೋಡಿ ಬರೆಯಲೂ ಬರುವುದಿಲ್ಲ' ಎಂಬ ಷರಾ ಒಮ್ಮೆ ಬಂದಿತ್ತು. ಆ ಹುಡುಗ ಪುಸ್ತಕ ನೋಡಿ ಬರೆದರೆ ಸರಿ ಇರುತ್ತಿತ್ತು, ಕರಿಹಲಗೆ ನೋಡಿ ಬರೆದರೆ ಮಾತ್ರ ತಪ್ಪು. ಅದು ಓದಿನ ದೋಷವಲ್ಲ, ಕಣ್ಣಿನದು. ಅಂಥದ್ದನ್ನು ಪತ್ರದಲ್ಲಿ ಬರೆಯದೆ ತಾಯಿಯನ್ನು ಕರೆದು ಹೇಳಿ, ಕಣ್ಣು ಪರೀಕ್ಷೆಗೆ ಕಳಿಸಬೇಕು. ಮನೆಯ ಜಗಳ, ಬಡತನ, ತಂದೆಯ ಕುಡಿತ ಇವೂ ಪತ್ರಕ್ಕೆ ಬರಬಾರದು. ಆ ಕಾಗದ ಹತ್ತು ಜನರ ಕೈಗೆ ಹೋಗುತ್ತದೆ.

ಶಿಕ್ಷಕರ ಕಡೆಯ ಮಾತನ್ನೂ ಹೇಳಲೇಬೇಕು. ಒಂದು ತರಗತಿಯಲ್ಲಿ 38 ಮಕ್ಕಳು. ಪರೀಕ್ಷೆ ಮುಗಿದ ಮೇಲೆ ಎರಡು ಸಂಜೆಯಲ್ಲಿ 38 ಷರಾ ಬರೆಯಿರಿ ಎಂದರೆ 'ಪರವಾಗಿಲ್ಲ' ಎಂದೇ ಬರೆಯುತ್ತಾರೆ, ಅದು ಅವರ ತಪ್ಪಲ್ಲ. ನಮ್ಮ ಶಾಲೆಯಲ್ಲಿ ಈಗ ಪ್ರತಿ ಶಿಕ್ಷಕರಿಗೆ ಒಂದು ನೂರು ಪುಟದ ನೋಟುಬುಕ್ಕು ಕೊಟ್ಟಿದ್ದೇವೆ. ವಾರಕ್ಕೆ ನಾಲ್ಕು ಮಕ್ಕಳ ಬರಹವನ್ನು ಮಾತ್ರ ನಿಧಾನವಾಗಿ ನೋಡಿ ಒಂದೊಂದು ಸಾಲು ಬರೆದಿಡಬೇಕು. ಹತ್ತು ವಾರದಲ್ಲಿ ಇಡೀ ತರಗತಿ ಮುಗಿಯುತ್ತದೆ. ಪತ್ರ ಬರೆಯುವ ದಿನ ಆ ಪುಸ್ತಕ ತೆರೆದರೆ ಸಾಕು. ಪ್ರತಿ ಮಗುವಿಗೆ ಒಂದೇ ವಿಷಯದ ಒಂದೇ ತಪ್ಪು ಹಿಡಿದರೆ ಸಾಕು ಎಂದೂ ಹೇಳಿದ್ದೇವೆ. ಆರು ವಿಷಯಗಳ ಆರು ದೋಷ ಬರೆದರೆ ಯಾವ ಮನೆಯೂ ಒಂದನ್ನೂ ತಿದ್ದುವುದಿಲ್ಲ.

ನಮ್ಮ ಮಠಗಳು ನಡೆಸುವ ಶಾಲೆಗಳು ಊರೂರಲ್ಲಿ ಇವೆ. ಆಡಳಿತ ಮಂಡಳಿಯಲ್ಲಿರುವ ಶರಣರು ಕಟ್ಟಡದ ಲೆಕ್ಕ, ದೇಣಿಗೆಯ ಲೆಕ್ಕ ನೋಡುತ್ತಾರೆ. ಈ ಸಲದ ಪತ್ರಗಳು ಮನೆಗೆ ಹೋಗುವ ಮುನ್ನ ಒಂದು ಸಂಜೆ ಶಿಕ್ಷಕರ ಜೊತೆ ಕೂತು, ಹೆಸರು ಮುಚ್ಚಿ ಹತ್ತು ಷರಾ ಓದಿ ನೋಡಿ ಎಂದು ಕೇಳಿಕೊಳ್ಳುತ್ತೇನೆ.

ಆ ಎಂಟನೆಯ ತರಗತಿಯ ಹುಡುಗ ಈಗ ಶಾಲೆ ಮುಗಿದ ಮೇಲೆ ದಿನಾ ಅರ್ಧ ಗಂಟೆ ನನ್ನ ಹತ್ತಿರ ಬಂದು ಕೂಡುತ್ತಾನೆ. ಕಾಗುಣಿತ ಮುಗಿದಿದೆ, ಒತ್ತಕ್ಷರದಲ್ಲಿ ಇದ್ದೇವೆ. ಅವನ ಈ ಸಲದ ಷರಾವನ್ನು ಅಕ್ಕೋರು ಬರೆದು ತಂದಾಗ ನಾನು ಒಂದು ಅಕ್ಷರವನ್ನೂ ಬದಲಿಸಲಿಲ್ಲ: 'ಸರಳ ಪದಗಳನ್ನು ತಡವರಿಸದೆ ಓದುತ್ತಾನೆ. ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾನೆ. ಇದು 2ನೆಯ ತರಗತಿಯ ಹಂತ. ಮಾರ್ಚ್ ಒಳಗೆ ಒತ್ತಕ್ಷರ ಮುಗಿಸುತ್ತೇವೆ.' ಅವನ ತಂದೆ ಸಭೆಯಲ್ಲಿ ಅದನ್ನು ಕೇಳಿಸಿಕೊಂಡು, "ಈಗ ಖರೇ ಬರದೀರಿ" ಎಂದರು.